ಮನೇಲಿ ಮಕ್ಕಳು ತೆಗೆಯೋ ವೆಬ್‌ಸೈಟ್ ಚೆಕ್ ಮಾಡೋದು ಹೇಗೆ: ಸ್ಕೂಲ್ ಲೈಬ್ರರಿಯಿಂದ ಪೋಷಕರಿಗೊಂದು ಪತ್ರ

ಪೋಷಕರಿಗೆ ನಮಸ್ಕಾರ,

ಹೋದ ಟರ್ಮ್‌ನಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಶನಿಗ್ರಹದ ಬಗ್ಗೆ ಚಾರ್ಟ್ ಮಾಡ್ಕೊಂಡು ಬಂದಿದ್ಳು, ಉಂಗುರಕ್ಕೆಲ್ಲ ಮಿಂಚಿನ ಪುಡಿ ಹಾಕಿ ತುಂಬಾ ಚೆನ್ನಾಗಿ ಮಾಡಿದ್ಳು, ಆದ್ರೆ ಕೆಳಗೆ "ಶನಿಗೆ 62 ಚಂದ್ರರು" ಅಂತ ಬರ್ದಿದ್ಳು. ಅದು ಈಗಿನ ಲೆಕ್ಕ ಅಲ್ಲ. ಅವಳ ಅಮ್ಮನನ್ನ ಕೇಳಿದ್ರೆ "ಇಲ್ಲ ಮೇಡಂ, ನಾನೇ ಪಕ್ಕದಲ್ಲಿ ಕೂತು ಸೈಟ್ ನೋಡಿದೀನಿ, ಮಕ್ಕಳದ್ದೇ ಸೈಟು, ಬೀಗದ ಗುರುತಿತ್ತು, ಕೆಳಗೆ ಈ ವರ್ಷದ ಡೇಟೂ ಇತ್ತು" ಅಂದ್ರು. ಅವರು ಹೇಳಿದ್ದು ಒಂದೂ ಸುಳ್ಳಲ್ಲ. ನೋಡಿದ್ದು ಮಾತ್ರ ಪೂರ್ತಿ ಸೈಟಿನ ಒಳಗೇ, ಅಂದ್ರೆ ಸೈಟು ತನ್ನ ಬಗ್ಗೆ ತಾನೇ ಹೇಳ್ಕೊಂಡಿದ್ದನ್ನ. ಅದಕ್ಕೇ ಈ ಪತ್ರ ಬರೀತಿದೀನಿ, ಸ್ವಲ್ಪ ಉದ್ದ ಆಯ್ತು, ಆದ್ರೆ ಒಂದು ಸೈಟಿಗೆ ಇದೆಲ್ಲ ಮಾಡೋಕೆ ಅಭ್ಯಾಸ ಆದ್ಮೇಲೆ ಹತ್ತು ನಿಮಿಷ ಸಾಕು. ಅದೇ ಶನಿ ಸೈಟನ್ನೇ ಇಟ್ಕೊಂಡು ಹೇಳ್ತೀನಿ. ಅದರ ನಿಜವಾದ ಹೆಸರು ಬೇಡ, saturn-kids ಅಂತ ಇಟ್ಕೊಳೋಣ.

ಮೊದಲು ಅಡ್ರೆಸ್ ಓದಿ, ಅದೂ ಬಲಗಡೆಯಿಂದ

ಪೇಜ್ ನೋಡೋಕೂ ಮುಂಚೆ ಮೇಲಿನ ಅಡ್ರೆಸ್ ಪಟ್ಟಿ ನೋಡಿ. ಫೋನಲ್ಲಿ ಪೂರ್ತಿ ಕಾಣಲ್ಲ, ಅದರ ಮೇಲೆ ಬೆರಳಿಟ್ರೆ ಉದ್ದಕ್ಕೆ ತೆರ್ಕೊಳುತ್ತೆ. ಈ ಮೂರು ನೋಡಿ, ಮೂರರಲ್ಲೂ nasa.gov ಇದೆ:

```
https://science.nasa.gov/saturn/moons/
https://nasa.gov.saturn-kids.example/moons
https://saturn-kids.example/nasa.gov/moons
```

ನಾಸಾದ್ದು ಮೊದಲನೇದು ಮಾತ್ರ. (ಕೊನೇಲಿರೋ .example ನಾನು ಉದಾಹರಣೆಗೆ ಹಾಕಿದ್ದು, ಅಂಥ ಸೈಟ್ ಇಲ್ಲ.) ಗೊತ್ತು ಮಾಡ್ಕೊಳೋದು ಹೀಗೆ: https:// ಆದ್ಮೇಲೆ ಬರೋ ಮೊದಲನೇ ಓರೆ ಗೆರೆ ತನಕ ಮಾತ್ರ ತಗೊಳ್ಳಿ, ಅದರಾಚೆ ಇರೋದನ್ನ ಮರ್ತುಬಿಡಿ, ಅಲ್ಲಿ ಸೈಟಿನವರು ಏನು ಬೇಕಾದ್ರೂ ಬರ್ಕೋಬಹುದು. ಈಗ ಉಳಿದ ತುಂಡನ್ನ ಬಲಗಡೆಯಿಂದ ಎಡಗಡೆಗೆ ಓದಿ. ಕೊನೇ ಎರಡು ತುಂಡು ಸೇರಿದ್ರೆ ಅದೇ ಮಾಲೀಕರ ಹೆಸರು, ಮೊದಲನೇದ್ರಲ್ಲಿ nasa.gov, ಎರಡನೇದ್ರಲ್ಲಿ saturn-kids.example. ಕೆಲವು ದೇಶದ ಅಡ್ರೆಸ್‌ಗಳಲ್ಲಿ .co.uk, .gov.in ಥರ ಕೊನೇದೇ ಎರಡು ತುಂಡು ಇರುತ್ತೆ, ಅಲ್ಲಿ ಮೂರು ತುಂಡು ತಗೋಬೇಕು. ಎಡಗಡೆ ಎಷ್ಟು ದೊಡ್ಡ ಹೆಸರಿದ್ರೂ ಅದು ಬರೀ ಬಾಗಿಲಿಗೆ ಅಂಟಿಸಿದ ಸ್ಟಿಕ್ಕರ್ ಅಷ್ಟೇ. ಮಕ್ಕಳಿಗೆ ಇದನ್ನ ಆಟದ ಥರ ಹೇಳ್ಕೊಟ್ರೆ ನಮಗಿಂತ ಬೇಗ ಕಲೀತಾರೆ, ನಾಲ್ಕನೇ ಕ್ಲಾಸಿನವರು ಲೈಬ್ರರಿ ಪೀರಿಯಡ್‌ನಲ್ಲಿ ಐದು ನಿಮಿಷಕ್ಕೆ ಹಿಡ್ಕೊಂಡ್ರು.

.gov ಅಮೆರಿಕದ ಸರ್ಕಾರಿ ಸಂಸ್ಥೆಗಳಿಗೆ ಬಿಟ್ರೆ ಬೇರೆಯವರಿಗೆ ಸಿಗಲ್ಲ, ಅದಕ್ಕೊಂದು ಬೆಲೆ ಇದೆ. ಆದ್ರೆ .org ಅಂದ್ರೆ ಸೇವಾ ಸಂಸ್ಥೆ, ನಂಬಬಹುದು ಅಂತ ತುಂಬಾ ಜನ ಅಂದ್ಕೊಂಡಿದಾರೆ, ಅದು ತಪ್ಪು, ದುಡ್ಡು ಕೊಟ್ರೆ ಯಾರಿಗೆ ಬೇಕಾದ್ರೂ ಸಿಗುತ್ತೆ. ಲೈಬ್ರರಿಯನ್‌ಗಳೆಲ್ಲ ಇದಕ್ಕೆ ಹೇಳೋ ಹಳೇ ಉದಾಹರಣೆ martinlutherking.org. ಹೆಸರು ನೋಡಿದ್ರೆ ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಪ್ರಾಜೆಕ್ಟ್ ಮಾಡೋ ಮಕ್ಕಳಿಗೇ ಅಂತ ಮಾಡಿದ ಹಾಗಿತ್ತು, ನಡೆಸ್ತಿದ್ದಿದ್ದು ಸ್ಟಾರ್ಮ್‌ಫ್ರಂಟ್ ಅನ್ನೋ ಬಿಳಿಯರೇ ಶ್ರೇಷ್ಠ ಅನ್ನೋ ಗುಂಪು, ಅದೂ ವರ್ಷಾನುಗಟ್ಟಲೆ.

ಬೀಗದ ಗುರುತಿನ ಕಥೆಯೂ ಅಷ್ಟೇ. ನಿಮ್ಮ ಫೋನಿಗೂ ಸೈಟಿಗೂ ನಡುವೆ ಹೋಗೋ ಮಾಹಿತೀನ ದಾರೀಲಿ ಯಾರೂ ಓದೋಕಾಗಲ್ಲ ಅಂತ ಮಾತ್ರ ಅದರ ಅರ್ಥ, ಆ ಕಡೆ ಕೂತಿರೋರು ಒಳ್ಳೇವರು ಅಂತ ಅಲ್ಲ. ಜನ ಹೀಗೆ ತಪ್ಪು ತಿಳ್ಕೋತಾರೆ ಅಂತಾನೇ ಕ್ರೋಮ್‌ನವರು 2023ರಲ್ಲಿ ಆ ಬೀಗವನ್ನೇ ತೆಗೆದು ಬೇರೆ ಗುರುತು ಹಾಕಿದ್ರು.

ಆಮೇಲೆ ಸೈಟಿಂದ ಹೊರಗೆ ಬನ್ನಿ

ಎಲ್ಲದರಲ್ಲೂ ಮುಖ್ಯವಾದ್ದು ಇದು, ಬೇರೆ ಯಾವುದೂ ಮಾಡೋಕೆ ಟೈಮ್ ಇಲ್ಲ ಅಂದ್ರೆ ಇದೊಂದಾದ್ರೂ ಮಾಡಿ. ಸೈಟ್ ತೆರೆದ ಅರ್ಧ ನಿಮಿಷಕ್ಕೆ ಹೊಸ ಟ್ಯಾಬ್ ತೆಗೀರಿ, ಆ ಸೈಟ್ ಬಗ್ಗೆ *ಬೇರೆಯವರು* ಏನ್ ಹೇಳ್ತಾರೆ ಅಂತ ಹುಡುಕಿ. ಸರ್ಚಲ್ಲಿ ಹೀಗೆ ಟೈಪ್ ಮಾಡಿ:

```
"saturn kids" -site:saturn-kids.example
```

ಕೋಟ್ ಒಳಗೆ ಸೈಟಿನ ಹೆಸರು, ಆಮೇಲೆ ಮೈನಸ್ ಗುರುತು ಹಾಕಿ site: ಅಂತ ಬರೆದು ಅದೇ ಸೈಟಿನ ಅಡ್ರೆಸ್, ಮೈನಸ್‌ಗೆ ಮುಂಚೆ ಒಂದು ಜಾಗ ಬಿಡಿ, ಮೈನಸ್ಸಿಂದ ಅಡ್ರೆಸ್ ಮುಗಿಯೋ ತನಕ ಮಧ್ಯೆ ಎಲ್ಲೂ ಜಾಗ ಬಿಡಬೇಡಿ. ಆಗ ಆ ಸೈಟಿನದ್ದೇ ಪೇಜ್‌ಗಳು ಬಿಟ್ಟು ಬೇರೆ ಕಡೆ ಅದರ ಹೆಸರು ಎಲ್ಲೆಲ್ಲಿ ಬಂದಿದೆ ಅನ್ನೋದು ಸಿಗುತ್ತೆ. ಯಾರ ಬಗ್ಗೆಯಾದ್ರೂ ವಿಚಾರಿಸ್ಬೇಕಂದ್ರೆ ಅವರನ್ನೇ ಹೋಗಿ "ನೀವು ಒಳ್ಳೇವರಾ" ಅಂತ ಕೇಳಲ್ಲ, ಅಕ್ಕಪಕ್ಕದವರನ್ನ ಕೇಳ್ತೀವಲ್ಲ, ಹಾಗೆ.

ಓದಿದೋರಿಗೆ ಇದು ಬೇಕಿಲ್ಲ ಅಂದ್ಕೋಬೇಡಿ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಒಂದು ಅಧ್ಯಯನ ಹೊರಗೆ ತಂದ್ರು. 10 ಜನ ಇತಿಹಾಸಕಾರರು, 10 ಜನ ಪತ್ರಿಕೆಗೆ ಬರೋ ಸುದ್ದಿ ನಿಜಾನಾ ಅಂತ ನೋಡೋ ಫ್ಯಾಕ್ಟ್ ಚೆಕರ್‌ಗಳು, 25 ಜನ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು, ಇವರ ಮುಂದೆ ಎರಡು ಸೈಟ್ ಇಟ್ರು. ಒಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 1930ರಲ್ಲಿ ಶುರುವಾದ್ದು, ಹತ್ತಾರು ಸಾವಿರ ಮಕ್ಕಳ ಡಾಕ್ಟರುಗಳಿರೋ ಸಂಘ. ಇನ್ನೊಂದು ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಶಿಯನ್ಸ್, 2002ರಲ್ಲಿ ಆ ದೊಡ್ಡ ಸಂಘದ ನಿಲುವು ಒಪ್ಪದೆ ಹೊರಗೆ ಬಂದ ಚಿಕ್ಕ ಗುಂಪು. ಹೆಸರು ಹೆಚ್ಚೂ ಕಮ್ಮಿ ಒಂದೇ, ಪೇಜೂ ಅಷ್ಟೇ ನೀಟು. ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಚಿಕ್ಕ ಗುಂಪಿನದ್ದನ್ನೇ ಹೆಚ್ಚು ನಂಬಬಹುದು ಅಂದ್ರು, ಇತಿಹಾಸಕಾರರಲ್ಲೂ ಎಷ್ಟೋ ಜನ ತಡವರಿಸಿದ್ರು. ಅವರೆಲ್ಲ ಪೇಜನ್ನ ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದ್ತಾ ಕೂತಿದ್ರು, ಫ್ಯಾಕ್ಟ್ ಚೆಕರ್‌ಗಳು ಮಾತ್ರ ಬಂದ ತಕ್ಷಣ ಹೊಸ ಟ್ಯಾಬ್ ತೆಗೆದು ಹೊರಗೆ ಹೋದ್ರು, ಬೇಗನೆ ಸರಿಯಾಗೂ ಹೇಳಿದ್ರು. ನಾವು ಮಕ್ಕಳಿಗೆ "ಗಮನ ಇಟ್ಟು ಪೂರ್ತಿ ಓದು" ಅಂತ ಹೇಳ್ತೀವಿ ನೋಡಿ, ಪುಸ್ತಕಕ್ಕೆ ಅದು ಸರಿ, ಗೊತ್ತಿಲ್ಲದ ಸೈಟಿಗೆ ಉಲ್ಟಾ.

ಶನಿ ಸೈಟಿಗೆ ನಾನು ಹೀಗೆ ಹುಡುಕಿದಾಗ ಏನೂ ಸಿಗಲಿಲ್ಲ. ಯಾವ ಲೈಬ್ರರಿ ಪಟ್ಟೀಲೂ ಇಲ್ಲ, ಯಾವ ಟೀಚರೂ ಬರ್ದಿಲ್ಲ, ಬೈದಿರೋರೂ ಇಲ್ಲ. ಸೈಟಿನ "About" ಪೇಜ್‌ನಲ್ಲಿ "ನಾವು ವಿಜ್ಞಾನ ಪ್ರಿಯರ ತಂಡ" ಅನ್ನೋದು ಬಿಟ್ರೆ ಒಂದು ಹೆಸರಿಲ್ಲ. ಏನೂ ಸಿಗದಿದ್ರೆ ಸೈಟ್ ಕೆಟ್ಟದ್ದು ಅಂತ ತೀರ್ಮಾನ ಮಾಡ್ಬೇಡಿ, ಯಾರೋ ನಿವೃತ್ತ ಮೇಷ್ಟ್ರು ಪ್ರೀತಿಯಿಂದ ಮಾಡಿರಬಹುದು. ನನ್ನ ರೂಲ್ ಏನಂದ್ರೆ ಅಂಥ ಸೈಟಲ್ಲಿ ಚಿತ್ರ ನೋಡ್ಲಿ, ಆಟ ಆಡ್ಲಿ, ಆದ್ರೆ ನೋಟ್‌ಬುಕ್ಕಿಗೆ ಏನನ್ನೂ ಅಲ್ಲಿಂದ ಬರೀಬಾರದು.

ವಯಸ್ಸು ಗೊತ್ತಿರೋ ಒಂದು ಸಂಗತಿ ಹಿಡ್ಕೊಂಡು ಚೆಕ್ ಮಾಡಿ

ಇದು ನನಗೆ ಇಷ್ಟವಾದ ಭಾಗ. ಕೆಳಗೆ ಈ ವರ್ಷದ ಡೇಟ್ ಇತ್ತು ಅಂದ್ರಲ್ಲ ಆ ಅಮ್ಮ, ಅದು © ಪಕ್ಕದ ವರ್ಷ. ಎಷ್ಟೋ ಸೈಟಲ್ಲಿ ಅದನ್ನ ಯಾರೂ ಟೈಪ್ ಮಾಡಿರಲ್ಲ, ಗಡಿಯಾರ ನೋಡಿ ತಾನೇ ಬದಲಾಗೋ ಹಾಗೆ ಬರೆದಿರ್ತಾರೆ, ಸೈಟ್ ಮಾಡಿದೋರು ಮರ್ತುಹೋಗಿ ಹತ್ತು ವರ್ಷ ಆದ್ರೂ ಜನವರಿ ಒಂದಕ್ಕೆ ಹೊಸ ವರ್ಷ ಬಂದುಬಿಡುತ್ತೆ. "Updated" ಅಂತ ಇರೋ ಡೇಟೂ ಒಂದು ಪದ ತಿದ್ದಿದ್ರೆ ಬದಲಾಗುತ್ತೆ, ಅದನ್ನೂ ಪೂರ್ತಿ ನಂಬೋಕಾಗಲ್ಲ.

ಅದರ ಬದಲು, ಕಾಲಕ್ಕೆ ತಕ್ಕ ಹಾಗೆ ಬದಲಾಗಿರೋ ಒಂದು ಸಂಖ್ಯೆ ತಗೊಳ್ಳಿ. ಶನಿಯ ಚಂದ್ರರು ಇದಕ್ಕೆ ಹೇಳಿ ಮಾಡಿಸಿದ ಹಾಗಿದಾರೆ. 2019ರ ಅಕ್ಟೋಬರ್ ತನಕ 62 ಅಂತ ಹೇಳ್ತಿದ್ರು, ಆಗ 20 ಹೊಸವು ಸಿಕ್ಕು 82 ಆಯ್ತು, 2023ರಲ್ಲಿ 145 ದಾಟ್ತು, 2025ರ ಮಾರ್ಚ್‌ನಲ್ಲಿ ಒಂದೇ ಸಲ 128 ಸೇರಿ 274 ಆಯ್ತು. ಅಂದ್ರೆ 62 ಅಂತ ಬರೆದಿರೋ ಪೇಜ್ 2019ರ ಅಕ್ಟೋಬರ್‌ಗೂ ಹಿಂದಿಂದು, ಇಲ್ಲಾ ಅಂಥ ಹಳೇ ಪೇಜಿಂದ ನಕಲು ಹೊಡೆದಿದ್ದು, ಕೆಳಗೆ ಯಾವ ವರ್ಷ ಬೇಕಾದ್ರೂ ಇರ್ಲಿ. ಪ್ಲೂಟೋ ಇನ್ನೂ ಒಂಬತ್ತನೇ ಗ್ರಹ ಆಗಿದ್ರೆ ಅದು 2006ರ ಆಗಸ್ಟ್‌ಗಿಂತ ಹಿಂದಿನ ಮಾತು, ಅವತ್ತೇ ಅದನ್ನ ಕುಬ್ಜ ಗ್ರಹ ಅಂತ ಮಾಡಿದ್ದು. ಆ ಸೈಟಲ್ಲಿ ಪ್ಲೂಟೋ ಸರಿಯಾಗಿತ್ತು, ಚಂದ್ರರು ಹಳೇದಾಗಿದ್ರು, ಅಂದ್ರೆ ಬರೆದಿದ್ದು 2006ರಿಂದ 2019ರ ಮಧ್ಯೆ ಯಾವಾಗಲೋ ಅಂತ ನಾನೂ ಆ ಹುಡುಗಿಯೂ ಪತ್ತೆದಾರರ ಥರ ಕೂತು ಲೆಕ್ಕ ಹಾಕಿದ್ವಿ. ಚಾರ್ಟ್ ತಪ್ಪಾಯ್ತು ಅಂತ ಮುಖ ಸಣ್ಣ ಮಾಡ್ಕೊಂಡಿದ್ದೋಳು ಇದಾದ್ಮೇಲೆ ಕ್ಲಾಸಲ್ಲಿ ಎಲ್ಲರ ಚಾರ್ಟನ್ನೂ ಚೆಕ್ ಮಾಡೋಕೆ ಹೊರಟ್ಳು, ಅದೊಂದು ಬೇರೆ ತಲೆನೋವು.

ಒಂದು ಮಾತು. ಸಂಖ್ಯೆ ಹಳೇದು ಅಂದ್ರೆ ಮೋಸ ಅಂತಲ್ಲ. ಉಂಗುರ ಮಂಜುಗಡ್ಡೆ ತುಂಡುಗಳಿಂದ ಆಗಿದೆ ಅನ್ನೋದು ಅದೇ ಸೈಟಲ್ಲಿ ಸರಿಯಾಗೇ ಇತ್ತು. ಈ ಚೆಕ್ ಹೇಳೋದು ಈ ಪೇಜನ್ನ ಈಗ ಯಾರೂ ನೋಡ್ಕೋತಿಲ್ಲ ಅಂತ. ಯಾರೂ ನೋಡ್ಕೊಳದ ಸೈಟಲ್ಲಿ ಜಾಹೀರಾತು ಮಾತ್ರ ದಿನಾ ಹೊಸದು ಬರ್ತಿರುತ್ತೆ.

ಮಗುವಿನ ಟ್ಯಾಬ್ಲೆಟ್ಟಲ್ಲೇ, ಮಗು ಒತ್ತೋ ಹಾಗೇ ಒತ್ತಿ ನೋಡಿ

ತುಂಬಾ ಮನೇಲಿ ಆಗೋ ತಪ್ಪಿದು. ಅಪ್ಪ ತನ್ನ ಲ್ಯಾಪ್‌ಟಾಪಲ್ಲಿ ಸೈಟ್ ನೋಡ್ತಾರೆ, ಅದರಲ್ಲಿ ಆಡ್ ಬ್ಲಾಕರ್ ಇರುತ್ತೆ, ಪೇಜ್ ಕ್ಲೀನಾಗಿ ಕಾಣುತ್ತೆ, ಓಕೆ ಅಂತಾರೆ. ಮಗು ತೆಗೆಯೋದು ಹಳೇ ಟ್ಯಾಬಲ್ಲಿ, ಅಲ್ಲಿ ಬ್ಲಾಕರ್ ಇಲ್ಲ, ಅದೇ ಪೇಜ್ ತುಂಬಾ ಜಾಹೀರಾತು. ಅದಕ್ಕೆ ಚೆಕ್ ಮಾಡೋದಿದ್ರೆ ಮಗು ಯಾವುದನ್ನ ಬಳಸುತ್ತೋ ಅದರಲ್ಲೇ ಮಾಡಿ.

ಓದ್ಬೇಡಿ, ಒತ್ತಿ. ಮಕ್ಕಳು ದೊಡ್ಡದಾಗಿ ಬಣ್ಣ ಇರೋದನ್ನ ಒತ್ತಾರೆ, ಹಸಿರು "Play", "Download", "Start" ಬಟನ್‌ಗಳಲ್ಲಿ ಎಷ್ಟೋ ಜಾಹೀರಾತೇ ಆಗಿರುತ್ತೆ, ಮೂಲೇಲಿ ಸಣ್ಣಕ್ಷರದಲ್ಲಿ "Ad" ಅಂತಲೋ ಒಂದು ಪುಟ್ಟ × ಗುರುತೋ ಇರುತ್ತೆ ನೋಡಿ. ಅನುಮಾನ ಇದ್ರೆ ಬಟನ್ ಮೇಲೆ ಬೆರಳು ಹಾಗೇ ಒತ್ತಿ ಹಿಡೀರಿ, ತುಂಬಾ ಸಲ ಅದು ಹೋಗೋ ಅಡ್ರೆಸ್ ತೆರೆಯೋಕೆ ಮುಂಚೆನೇ ಕಾಣುತ್ತೆ, ಕಂಪ್ಯೂಟರಲ್ಲಾದ್ರೆ ಮೌಸ್ ಮೇಲೆ ತಂದಿಟ್ರೆ ಕೆಳಗೆ ಮೂಲೇಲಿ ಬರುತ್ತೆ. ಆಗ ಬಲಗಡೆಯಿಂದ ಓದೋ ಪಾಠ ಉಪಯೋಗಕ್ಕೆ ಬರುತ್ತೆ.

ಸೈಟಲ್ಲಿ ವಿಡಿಯೋ ಇದ್ರೆ ಅದು ಮುಗಿಯೋ ತನಕ ಕೂತ್ಕೊಳ್ಳಿ. ಬೋರ್ ಆಗುತ್ತೆ, ಗೊತ್ತು. ಆದ್ರೆ ವಿಡಿಯೋ ಒಳ್ಳೇದಿದ್ರೂ ಮುಗಿದ ಮೇಲೆ ಮುಂದಿಂದು ಅಂತ ಏನು ತೋರಿಸುತ್ತೆ ಅನ್ನೋದೇ ನೀವು ನೋಡ್ಬೇಕಾಗಿರೋದು, ನಾವು ಎದ್ದು ಅಡುಗೆಮನೆಗೆ ಹೋಗೋದೂ ಸರಿಯಾಗಿ ಅಷ್ಟು ಹೊತ್ತಿಗೇ.

ಸೈಟ್ "Allow notifications?" ಅಂತ ಕೇಳಿದ್ರೆ Block ಒತ್ತೋಕೆ ಮಕ್ಕಳಿಗೆ ಹೇಳಿಕೊಡಿ. ಅದಕ್ಕೆ ಒಂದು ಸಲ Allow ಕೊಟ್ರೆ ಸೈಟ್ ಮುಚ್ಚಿದ್ರೂ ಸ್ಕ್ರೀನ್ ಮೇಲೆ "ನಿಮಗೆ ವೈರಸ್ ಬಂದಿದೆ", "ನೀವು ಗೆದ್ದಿದೀರಿ" ಅಂತ ಬರ್ತಾನೇ ಇರುತ್ತೆ, ತುಂಬಾ ಪೋಷಕರು ಅದನ್ನ ನಿಜವಾದ ವೈರಸ್ ಅಂದ್ಕೊಂಡು ಫೋನ್ ರಿಪೇರಿಗೇ ತಗೊಂಡು ಹೋಗ್ತಾರೆ. ಕಂಪ್ಯೂಟರ್ ಕ್ರೋಮ್‌ನಲ್ಲಿ ಅಡ್ರೆಸ್ ಪಟ್ಟೀಲಿ ಇದನ್ನ ಟೈಪ್ ಮಾಡಿ, Allow ಅನ್ನೋ ಪಟ್ಟೀಲಿ ಗೊತ್ತಿಲ್ಲದ ಹೆಸರಿದ್ರೆ ತೆಗೆದುಹಾಕಿ, ನಿಂತುಹೋಗುತ್ತೆ:

```
chrome://settings/content/notifications
```

ಫೋನಲ್ಲಾದ್ರೆ ಕ್ರೋಮ್ ಸೆಟ್ಟಿಂಗ್ಸಲ್ಲಿ Site settings ಒಳಗೆ ಇದೇ ಪಟ್ಟಿ ಇರುತ್ತೆ.

ಇನ್ನು ಲಾಗಿನ್. ಹುಟ್ಟಿದ ವರ್ಷ ಕೇಳೋ ಸೈಟುಗಳು ತುಂಬಾ 13ಕ್ಕೆ ಗೆರೆ ಎಳೀತವೆ, ಯಾಕಂದ್ರೆ ಅಮೆರಿಕದಲ್ಲಿ 1998ರಲ್ಲಿ ಆದ ಕಾನೂನಿನ ಪ್ರಕಾರ 13 ತುಂಬದ ಮಕ್ಕಳ ಮಾಹಿತಿ ತಗೊಳೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ದೊಡ್ಡ ಸೈಟುಗಳು ಅದನ್ನೇ ಎಲ್ಲಾ ಕಡೆ ಇಟ್ಕೊಂಡಿವೆ. ನೀವು ಒಂದು ಪರೀಕ್ಷೆ ಮಾಡಿ: ಹೆಸರು ಏನೂ ಹಾಕದೆ ಒಂಬತ್ತು ವರ್ಷದ ಮಗುವಿಗೆ ಸರಿಹೋಗೋ ವರ್ಷ ಹಾಕಿ. ಬಿಡಲ್ಲ ಅಂತು ಅಂದ್ರೆ ಬ್ಯಾಕ್ ಒತ್ತಿ ದೊಡ್ಡೋರ ವರ್ಷ ಹಾಕಿ. ತಕ್ಷಣ ಬಿಟ್ಕೊಂಡ್ರೆ ಆ ವಯಸ್ಸಿನ ಬಾಗಿಲು ಬರೀ ತೋರಿಕೆಗೆ, ನಿಮ್ಮ ಮಗು ಅದನ್ನ ಎರಡು ನಿಮಿಷದಲ್ಲಿ ಕಂಡುಹಿಡಿಯುತ್ತೆ. ಆಮೇಲೆ ಒಳಗೆ ಚಾಟ್ ಇದೆಯಾ, ಗೊತ್ತಿಲ್ಲದೋರು ಮೆಸೇಜ್ ಮಾಡಬಹುದಾ, ಅದನ್ನ ಆಫ್ ಮಾಡೋಕಾಗುತ್ತಾ ನೋಡಿ. ಆಫ್ ಮಾಡೋಕಾಗದ ಚಾಟ್ ಇರೋ ಸೈಟಿಗೆ ನಾನು ಬೇಡ ಅಂತೀನಿ, ಪಾಠ ಎಷ್ಟೇ ಚೆನ್ನಾಗಿರ್ಲಿ.

"ನಾವು ಸೇಫ್‌ಸರ್ಚ್ ಹಾಕಿದೀವಿ ಮೇಡಂ" ಅಂತ ಪ್ರತಿ ಮೀಟಿಂಗಲ್ಲೂ ಒಬ್ಬರಾದ್ರೂ ಹೇಳ್ತಾರೆ. ಹಾಕಿ, ಒಳ್ಳೇದೇ. ಆದ್ರೆ ಅದು ಸರ್ಚ್ ರಿಸಲ್ಟನ್ನ ಮಾತ್ರ ಸೋಸುತ್ತೆ, ಮಗು ಒಂದು ಸೈಟ್ ಒಳಗೆ ಹೋದ್ಮೇಲೆ ಅಲ್ಲಿರೋ ಲಿಂಕು, ಜಾಹೀರಾತಿಗೆ ಅದು ಏನೂ ಮಾಡಲ್ಲ.

ಓಕೆ ಅಂದಿದ್ದನ್ನ ಮತ್ತೆ ನೋಡ್ತಿರಿ

ಇಲ್ಲಿ ನನ್ನದೇ ತಪ್ಪು ಹೇಳ್ಕೊಳ್ಬೇಕು. ನಾನು ಲೈಬ್ರರಿಯಿಂದ ಮನೆಗೆ ಕೊಡೋ ಲಿಂಕ್ ಶೀಟ್‌ನಲ್ಲಿ ಒಂದು ಪಕ್ಷಿಗಳ ಸೈಟ್ ಇತ್ತು, ಹಕ್ಕಿ ಕೂಗು ಕೇಳಿಸೋದು, ಮಕ್ಕಳಿಗೆ ತುಂಬಾ ಇಷ್ಟ. ನಾನೇ ಚೆಕ್ ಮಾಡಿ ಹಾಕಿದ್ದು, ಮೂರು ವರ್ಷ ಅದೇ ಶೀಟ್ ಜೆರಾಕ್ಸ್ ಮಾಡಿ ಕೊಡ್ತಾ ಬಂದೆ. ಒಂದು ದಿನ ಒಬ್ಬರು ತಂದೆ ಶೀಟ್ ಹಿಡ್ಕೊಂಡು ಬಂದ್ರು, ಏನೂ ಮಾತಾಡ್ಲಿಲ್ಲ, ಫೋನಲ್ಲಿ ಅದೇ ಅಡ್ರೆಸ್ ತೆಗೆದು ತೋರಿಸಿದ್ರು. ಜೂಜಿನ ಸೈಟ್. ಮೇಲೆ ಇನ್ನೂ ಒಂದು ಹಕ್ಕಿ ಚಿತ್ರ ಉಳ್ಕೊಂಡಿತ್ತು, ಅದನ್ನ ನೋಡಿ ಇನ್ನೂ ನಾಚಿಕೆ ಆಯ್ತು.

ಆಗಿದ್ದೇನು ಅಂದ್ರೆ ಸೈಟಿನ ಹೆಸರನ್ನ ಯಾರೂ ಶಾಶ್ವತವಾಗಿ ಕೊಂಡ್ಕೊಳಲ್ಲ, ವರ್ಷಕ್ಕಿಷ್ಟು ಅಂತ ಕಟ್ಟಿ ಇಟ್ಕೊಂಡಿರ್ತಾರೆ. ಹಳೇ ಮಾಲೀಕರು ಕಟ್ಟೋದು ಬಿಟ್ರೆ ಹೆಸರು ಮತ್ತೆ ಮಾರಾಟಕ್ಕೆ ಬರುತ್ತೆ, ಸ್ಕೂಲು ಲೈಬ್ರರಿಗಳೆಲ್ಲ ಲಿಂಕ್ ಕೊಟ್ಟಿರೋ ಹೆಸರಿಗೆ ಜನ ಬಂದೇ ಬರ್ತಾರೆ ಅಂತ ಗೊತ್ತಿರೋರು ಅದನ್ನ ಕಾಯ್ಕೊಂಡಿದ್ದು ತಗೋತಾರೆ. ಇದನ್ನ ಪತ್ತೆ ಮಾಡೋಕೆ ಎರಡು ಜಾಗ ಇದೆ:

```
https://lookup.icann.org
https://web.archive.org
```

ಮೊದಲನೇದ್ರಲ್ಲಿ ಸೈಟಿನ ಅಡ್ರೆಸ್ ಹಾಕಿದ್ರೆ "Created" ಅಂತ ಒಂದು ಡೇಟ್ ಬರುತ್ತೆ, ಆ ಹೆಸರು ನೋಂದಣಿ ಆದ ದಿನ. ಹಕ್ಕಿ ಸೈಟಿಗೆ ನಾಲ್ಕು ತಿಂಗಳ ಹಿಂದಿನ ಡೇಟ್ ಬಂತು, ನಾನು ಮೂರು ವರ್ಷದಿಂದ ಕೊಡ್ತಿರೋ ಸೈಟ್ ನಾಲ್ಕು ತಿಂಗಳ ಹಿಂದೆ ಹುಟ್ಟಿರೋಕೆ ಸಾಧ್ಯನೇ ಇಲ್ಲ, ಕೈ ಬದಲಾಗಿದೆ ಅಂತ ಅಲ್ಲೇ ಗೊತ್ತಾಯ್ತು. ಎರಡನೇದು ಹಳೇ ವೆಬ್ ಪೇಜ್‌ಗಳ ಆರ್ಕೈವ್, ಅಡ್ರೆಸ್ ಹಾಕಿದ್ರೆ ಕ್ಯಾಲೆಂಡರ್ ಬರುತ್ತೆ, ಹಳೇ ದಿನ ಒತ್ತಿದ್ರೆ ಅವತ್ತು ಪೇಜ್ ಹೇಗಿತ್ತು ಅಂತ ಕಾಣುತ್ತೆ. ಕೆಲವು ಸಲ ಹೆಸರು ಪೂರ್ತಿ ಕೈಬಿಡೋಕೆ ಮುಂಚೆನೇ ಹರಾಜಲ್ಲಿ ಹೋಗಿರುತ್ತೆ, ಆಗ Created ಡೇಟ್ ಹಳೇದೇ ಇರುತ್ತೆ, ಹಾಗಾಗಿ ಡೇಟ್ ಹಳೇದು ಅಂತ ನೆಮ್ಮದಿ ಬೇಡ, ಆರ್ಕೈವನ್ನೂ ನೋಡಿ. ಎಲ್ಲಾ ಪೇಜೂ ಅಲ್ಲಿ ಇರಲ್ಲ, ಸಣ್ಣ ಸೈಟುಗಳು ಒಂದೊಂದು ಸಲ ಸಿಗೋದೇ ಇಲ್ಲ.

ಹೊಸ ಡೇಟ್ ಇರೋದೆಲ್ಲ ಕೆಟ್ಟದ್ದಾ ಅಂದ್ರೆ ಇಲ್ಲ, ಒಳ್ಳೇ ಸೈಟೂ ಒಂದು ದಿನ ಹೊಸದಾಗೇ ಇರುತ್ತೆ. "20 ವರ್ಷದಿಂದ ಮಕ್ಕಳ ಸೇವೆಯಲ್ಲಿ" ಅಂತ ಬರ್ಕೊಂಡಿದ್ದು ಡೇಟ್ ಹೋದ ತಿಂಗಳದ್ದಾದ್ರೆ ಮಾತ್ರ ಯೋಚನೆ ಮಾಡಿ.

ಮನೇಲಿ ನೀವು ಮಾಡ್ಬಹುದಾದ್ದು ಇಷ್ಟು: ಓಕೆ ಆದ ಸೈಟನ್ನ ಮಗುವಿನ ಟ್ಯಾಬಲ್ಲಿ ಬುಕ್‌ಮಾರ್ಕ್ ಮಾಡಿಡಿ, ಪ್ರತಿ ಸಲ ಹೆಸರು ಟೈಪ್ ಮಾಡಿ ಹುಡುಕೋದು ಬೇಡ, ಒಂದಕ್ಷರ ತಪ್ಪಿದ್ರೆ ಬೇರೆಲ್ಲೋ ಹೋಗುತ್ತೆ. ಫ್ರಿಜ್ ಮೇಲೋ ಓದೋ ಟೇಬಲ್ ಮೇಲೋ ಒಂದು ಹಾಳೆ ಅಂಟಿಸಿ, ಸೈಟಿನ ಹೆಸರು, ನೋಡಿದ ತಿಂಗಳು, ಪಕ್ಕದಲ್ಲಿ "ಬರ್ಕೊಳೋಕೆ" ಅಥವಾ "ಆಡೋಕೆ ಮಾತ್ರ" ಅಂತ ಬರೀರಿ, ಮಗು ಕೈಲೇ ಬರೆಸಿದ್ರೆ ಇನ್ನೂ ಒಳ್ಳೇದು. ಟರ್ಮ್ ಶುರುವಾದಾಗ ಒಂದು ಸಲ ಎಲ್ಲಾ ಬುಕ್‌ಮಾರ್ಕನ್ನೂ ಮಗುವಿನ ಜೊತೆ ಒಂದೊಂದಾಗಿ ತೆಗೆದು ನೋಡಿ. ವಿಚಿತ್ರ ಏನಾದ್ರೂ ತೆರ್ಕೊಂಡ್ರೆ ಟ್ಯಾಬ್ ಮಗುಚಿಟ್ಟು ಬಂದು ಹೇಳು, ಬೈಯಲ್ಲ ಅಂತ ಮೊದಲೇ ಮಾತು ಕೊಡಿ, ಕೊಟ್ಮೇಲೆ ದಯವಿಟ್ಟು ಬೈಬೇಡಿ, ಒಂದು ಸಲ ಬೈದ್ರೆ ಮುಂದಿನ ಸಲ ಹೇಳಲ್ಲ.

ನಮ್ಮ ಹೊಸ ಲಿಂಕ್ ಶೀಟ್ ಈ ಪತ್ರದ ಜೊತೆಗಿದೆ, ಪ್ರತಿ ಲಿಂಕ್ ಪಕ್ಕ ನಾನು ಚೆಕ್ ಮಾಡಿದ ತಿಂಗಳಿದೆ. ಹಾಗೆ ತಿಂಗಳು ಇಲ್ಲದ ಹಳೇ ಶೀಟ್ ಮನೇಲಿದ್ರೆ ಹರಿದುಹಾಕಿ. ಯಾವುದಾದ್ರೂ ಸೈಟ್ ಅನುಮಾನ ಅನ್ಸಿದ್ರೆ ಅಡ್ರೆಸ್ಸನ್ನ ಮಗುವಿನ ಡೈರಿಯಲ್ಲಿ ಬರೆದು ಕಳ್ಸಿ, ಸಂಜೆ ಒಳಗೆ ನೋಡಿ ಅದರಲ್ಲೇ ಉತ್ತರ ಬರೀತೀನಿ.

ಇಂತಿ,
ನಿಮ್ಮ ಮಕ್ಕಳ ಲೈಬ್ರರಿ ಮೇಡಂ